ಖಣದ ಬ್ಲೌಸಿನ ಲೆಕ್ಕ

ಆನ್‌ಲೈನ್ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವವರ ಮೊಬೈಲ್ ತೆರೆದರೆ ಮೊದಲು ಕಾಣುವುದು ಒಂದು ದೊಡ್ಡ ಅಂಕಿ ಮತ್ತು ಮೇಲಕ್ಕೆ ಹೋಗುವ ಒಂದು ಹಸಿರು ಗೆರೆ. ಡೊಂಬಿವಲಿಯಲ್ಲಿರುವ ನಮ್ಮ ವೈನಿ ಕಳಿಸಿದ ಸ್ಕ್ರೀನ್‌ಶಾಟಿನಲ್ಲೂ ಅದೇ ಇತ್ತು. `Gross Sales` 71,880 ರೂಪಾಯಿ, `Units` 120, `Returns` 12, ಕೆಳಗೆ ಸಣ್ಣ ಅಕ್ಷರದಲ್ಲಿ `Settlement` ಎಂದು ಇನ್ನೊಂದು ಮೊತ್ತ. ಜೊತೆಗೆ ಒಂದು ವಾಯ್ಸ್ ಮೆಸೇಜು: "ಇಷ್ಟು ಮಾರಾಟ ಆಗೇತಿ ನೋಡ್ರಿ, ಆದ್ರ ಕೈಯಾಗ ರೊಕ್ಕ ಯಾಕ ನಿಲ್ಲವಲ್ದು?"

ವೈನಿ ಮಾರುವುದು ಖಣದ ರೆಡಿಮೇಡ್ ಬ್ಲೌಸು. ಬಟ್ಟೆ ಗುಳೇದಗುಡ್ಡದಿಂದ ಬರುತ್ತದೆ. ಹೊಲಿಯುವವರು ಅದೇ ಕಟ್ಟಡದ ಇಬ್ಬರು ಹೆಣ್ಣುಮಕ್ಕಳು. ಒಂದಕ್ಕೆ ಇಷ್ಟು ಎಂದು ಮಜೂರಿ. ದೀಪಾವಳಿಗೆ ಮೊದಲು ಬಟ್ಟೆಗೆಂದು ನಲವತ್ತು ಸಾವಿರ ಮುಂಗಡ ಕಳಿಸಬೇಕು, ಅದಕ್ಕೆ ಎರಡು ಬಳೆ ಅಡ ಇಡುವುದು ಎಂದು ಮನೆಯಲ್ಲಿ ಮಾತಾಗಿತ್ತು. ಪುಣೆಯ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವುದೇ ನನ್ನ ಕೆಲಸವಾದ್ದರಿಂದ, ಬಳೆ ಅಡ ಇಡುವ ಮೊದಲು ಒಂದು ಬ್ಲೌಸಿಗೆ ನಿಜವಾಗಿ ಎಷ್ಟು ಉಳಿಯುತ್ತದೆ ಎಂದು ನೋಡಲು ಹೇಳಿದರು.

ವೈನಿಯ ಮನಸ್ಸಿನಲ್ಲಿ ಒಂದು ಲೆಕ್ಕ ಮೊದಲೇ ಇತ್ತು. ಬ್ಲೌಸಿನ ಬೆಲೆ 599, ತಯಾರಿಸಲು 300, ಉಳಿಯುವುದು 299. ನೂರಿಪ್ಪತ್ತು ಬ್ಲೌಸಿಗೆ 35,880. ಶೇಕಡಾ 12 ಕಮಿಷನ್ ಕಳೆದರೂ ಇಪ್ಪತ್ತೇಳು ಸಾವಿರ. ಇದರಲ್ಲಿ ಕೂಡಿಸಿ ಕಳೆದದ್ದೇನೂ ತಪ್ಪಿಲ್ಲ. ಆದರೆ ಸ್ಕ್ರೀನ್‌ಶಾಟಿನ ನಾಲ್ಕು ಅಂಕಿಗಳು ಒಂದೇ ಬ್ಲೌಸುಗಳ ಬಗ್ಗೆ ಮಾತಾಡುತ್ತಿಲ್ಲ, ತೊಂದರೆ ಇರುವುದು ಅಲ್ಲಿ.

`Gross Sales` ಎಂದರೆ ಆ ತಿಂಗಳು ಬಂದ ಆರ್ಡರುಗಳ ಒಟ್ಟು ಬೆಲೆ. ರದ್ದಾದವು, ಬಾಗಿಲಿನಿಂದಲೇ ಹಿಂದೆ ಬಂದವು ಎಲ್ಲ ಅದರೊಳಗೇ ಇರುತ್ತವೆ. `Returns` ಎಂದರೆ ಆ ತಿಂಗಳು ವಾಪಸ್ ಬಂದವು. ಅವುಗಳಲ್ಲಿ ಕೆಲವು ಹಿಂದಿನ ತಿಂಗಳ ಆರ್ಡರುಗಳು. ಈ ತಿಂಗಳ ಕೊನೆಯ ವಾರದ ಬ್ಲೌಸುಗಳಂತೂ ಇನ್ನೂ ಗಿರಾಕಿಯ ಮನೆ ಮುಟ್ಟಿರುವುದಿಲ್ಲ, ವಾಪಸ್ ಬರುವುದು ಎಲ್ಲಿಂದ? `Settlement` ಎಂದರೆ ಆ ತಿಂಗಳು ಬ್ಯಾಂಕಿಗೆ ಬಂದ ಹಣ, ಅದರಲ್ಲೂ ಹಳೆಯ ಆರ್ಡರುಗಳ ಪಾಲಿದೆ. ಮೂರೂ ಬೇರೆ ಬೇರೆ ಬುಟ್ಟಿ. ಒಂದರ ಅಂಕಿಯನ್ನು ಇನ್ನೊಂದರಿಂದ ಕಳೆದರೆ ಉತ್ತರವೇನೋ ಬರುತ್ತದೆ, ಅದಕ್ಕೆ ಅರ್ಥ ಇರುವುದಿಲ್ಲ.

ಹಾಗಾಗಿ ಸ್ಕ್ರೀನ್‌ಶಾಟ್ ಪಕ್ಕಕ್ಕಿಟ್ಟು, ಮುಂದಿನ ತಿಂಗಳ 25ನೇ ತಾರೀಖಿನವರೆಗೆ ಕಾಯಲು ಹೇಳಿದೆ. ಅಷ್ಟರಲ್ಲಿ ಆ ತಿಂಗಳ ಎಲ್ಲ ಆರ್ಡರುಗಳ ವಾಪಸಾತಿಯ ಗಡುವು ಮುಗಿದಿರುತ್ತದೆ. ಆಮೇಲೆ ಪೇಮೆಂಟ್ ವಿಭಾಗದಿಂದ ಆರ್ಡರ್‌ವಾರು ಎಕ್ಸೆಲ್ ಫೈಲು ಇಳಿಸಿಕೊಂಡು, ಅದೇ 120 ಆರ್ಡರುಗಳ ಹಿಂದೆ ಬಿದ್ದೆವು. ಆರು ಕಳಿಸುವ ಮೊದಲೇ ರದ್ದು. ಹತ್ತು ಬ್ಲೌಸುಗಳನ್ನು ಗಿರಾಕಿ ತೆಗೆದುಕೊಳ್ಳಲೇ ಇಲ್ಲ, ಹೆಚ್ಚಿನವು ಕ್ಯಾಶ್ ಆನ್ ಡೆಲಿವರಿ. ಇಪ್ಪತ್ತೆರಡು ಮುಟ್ಟಿದ ಮೇಲೆ ವಾಪಸ್ ಬಂದವು. ಗಿರಾಕಿಯ ಹತ್ತಿರ ನಿಂತದ್ದು 82. ಸ್ಕ್ರೀನಿನ ಮೇಲಿದ್ದ 12 ಈಗ 22 ಆಗಿತ್ತು.

ಮೊದಲು ನಿಂತ ಒಂದು ಬ್ಲೌಸನ್ನು ನೋಡೋಣ. 599ರೊಳಗೆ ಶೇಕಡಾ 5 ಜಿಎಸ್‌ಟಿ ಸೇರಿದೆ. ಅದನ್ನು ತೆಗೆದರೆ ವೈನಿಯದು 570. ಕಮಿಷನ್ 72, ಪ್ರತಿ ಆರ್ಡರಿಗೆ ನಿಗದಿ ಶುಲ್ಕ 20, ಕಳಿಸುವ ಖರ್ಚು 62, ಒಟ್ಟು 154. ಇದರ ಮೇಲೆ ಮಾರುಕಟ್ಟೆಯವರು ಶೇಕಡಾ 18 ಜಿಎಸ್‌ಟಿ ಹಾಕುತ್ತಾರೆ, ಆದರೆ ವೈನಿ ಮಾಮೂಲು ಜಿಎಸ್‌ಟಿ ನೋಂದಣಿ ಮಾಡಿಸಿದ್ದರಿಂದ ಅದು ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ. ಕ್ರೆಡಿಟ್ ಪಡೆಯಲು ಬರದವರು ಅದನ್ನೂ ಖರ್ಚಿಗೇ ಬರೆದುಕೊಳ್ಳಬೇಕು. ನೋಂದಣಿ ಇರುವವರಿಗೆ ಸುಲಭದ ದಾರಿ ಎಂದರೆ ಎರಡೂ ಕಡೆ ಜಿಎಸ್‌ಟಿಯನ್ನು ಬಿಟ್ಟೇ ಲೆಕ್ಕ ಮಾಡುವುದು. 570ರಲ್ಲಿ 154 ಹೋದರೆ 416. ಬಟ್ಟೆ 155, ಅಸ್ತರು ಮತ್ತು ಹುಕ್ಕು 40, ಹೊಲಿಗೆ 95, ಪ್ಯಾಕಿಂಗ್ 10 ಸೇರಿ 300. ಉಳಿಯುವುದು 116.

ಬ್ಯಾಂಕಿಗೆ ಬಂದದ್ದು 414 ಇತ್ತು, 416 ಅಲ್ಲ. ನಡುವೆ ಟಿಸಿಎಸ್ ಮತ್ತು ಟಿಡಿಎಸ್ ಎಂದು ಎರಡು ಕಡಿತಗಳಿದ್ದವು. ಟಿಸಿಎಸ್ 2024ರ ಜುಲೈಯಿಂದ ಶೇಕಡಾ 0.5, ಟಿಡಿಎಸ್ ಅದೇ ವರ್ಷದ ಅಕ್ಟೋಬರಿನಿಂದ ಶೇಕಡಾ 0.1. ಎರಡೂ ಸೇರಿ ಬ್ಲೌಸಿಗೆ ಮೂರೂವರೆ ರೂಪಾಯಿ. ಇವು ಖರ್ಚಲ್ಲ. ಒಂದು ಜಿಎಸ್‌ಟಿ ಖಾತೆಗೆ, ಇನ್ನೊಂದು ಆದಾಯ ತೆರಿಗೆಗೆ ಜಮೆಯಾಗುತ್ತದೆ. ಪೋರ್ಟಲಿನಲ್ಲಿ ಹೋಗಿ ಕೇಳಿಕೊಳ್ಳದಿದ್ದರೆ ಮಾತ್ರ ಖರ್ಚಾಗುತ್ತದೆ. ವೈನಿಯ ಹಳೆಯ ಕೆಲವು ತಿಂಗಳ ಟಿಸಿಎಸ್ ಹಾಗೇ ಬಿದ್ದಿತ್ತು.

ಇನ್ನು ವಾಪಸ್ ಬಂದ ಒಂದು ಬ್ಲೌಸು. ಇಲ್ಲಿ ಪ್ರತಿ ಮಾರುಕಟ್ಟೆಯ ನಿಯಮ ಬೇರೆ, ಆದ್ದರಿಂದ ಫೈಲನ್ನು ಸಾಲುಸಾಲಾಗಿ ಓದಬೇಕು. ವೈನಿಯ ಫೈಲಿನಲ್ಲಿ ಕಮಿಷನ್ ಮತ್ತು ನಿಗದಿ ಶುಲ್ಕ ತಿರುಗಿ ಬಂದಿದ್ದವು. ಆದರೆ ಹೋಗುವ ಖರ್ಚು 62 ತಿರುಗಿ ಬಂದಿರಲಿಲ್ಲ, ಬರುವ ಖರ್ಚೆಂದು 98 ಹೆಚ್ಚುವರಿ ಕಡಿತ. ಹರಿದ ಪ್ಯಾಕಿಂಗಿನ 10 ಸೇರಿ 170. ಮಾರಾಟವೇ ಆಗದ ಬ್ಲೌಸಿಗೆ ಕೈಯಿಂದ ಕೊಟ್ಟದ್ದು ಇಷ್ಟು. ಗಿರಾಕಿ ತೆಗೆದುಕೊಳ್ಳದೆ ಬಾಗಿಲಿನಿಂದಲೇ ತಿರುಗಿದ ಹತ್ತಕ್ಕೆ ಸಾಗಣೆಯ ಕಡಿತ ಇರಲಿಲ್ಲ, ಹೋದದ್ದು ಪ್ಯಾಕಿಂಗ್ ಮಾತ್ರ. ಸ್ಕ್ರೀನಿನಲ್ಲಿ ಈ ಎರಡು ಬಗೆಯನ್ನು ಒಂದೇ ಮೊತ್ತವಾಗಿ ತೋರಿಸಿದರೂ ಲೆಕ್ಕದಲ್ಲಿ ಬೇರೆ ಇಡಬೇಕು, ಒಂದು 10 ರೂಪಾಯಿಯದು, ಇನ್ನೊಂದು 170ರದು.

ಯಾವ ಫೈಲಿನಲ್ಲೂ ಇಲ್ಲದ ಒಂದು ನಷ್ಟವೂ ಇದೆ. ಬಂದ ಇಪ್ಪತ್ತೆರಡರಲ್ಲಿ ಐದು ಮತ್ತೆ ಮಾರುವ ಸ್ಥಿತಿಯಲ್ಲಿರಲಿಲ್ಲ. ಒಂದಕ್ಕೆ ಸೆಂಟಿನ ವಾಸನೆ, ಒಂದರ ಕಂಕುಳ ಹೊಲಿಗೆ ಬಿಚ್ಚಿತ್ತು, ಒಂದಂತೂ ಯಾವುದೋ ಮದುವೆ ಮುಗಿಸಿಕೊಂಡು ಬಂದ ಹಾಗಿತ್ತು, ಅರಿಸಿನದ ಕಲೆ ಸಮೇತ. ಅವು ಒಂದಕ್ಕೆ 290ರಂತೆ ಹೋದವು. ಉಳಿದ ಹದಿನೇಳಕ್ಕೆ ಇಸ್ತ್ರಿ, ಎಂಟು ರೂಪಾಯಿಯಂತೆ. ಈ ಸಂಖ್ಯೆಗಾಗಿ ಪಾರ್ಸೆಲ್ ಬಿಚ್ಚಿದ ದಿನವೇ ಒಂದು ನೋಟುಬುಕ್ಕಿನಲ್ಲಿ ಆರ್ಡರ್ ನಂಬರು, ಅಳತೆ, ಸ್ಥಿತಿ ಬರೆದಿಡಬೇಕು. ವೈನಿ ಪುಣ್ಯಕ್ಕೆ ಬರೆದಿಟ್ಟಿದ್ದರು, ಮಗನ ಹಳೆಯ ಡ್ರಾಯಿಂಗ್ ಬುಕ್ಕಿನ ಹಿಂಭಾಗದಲ್ಲಿ.

ಈಗ ಕೂಡಿಸಿದರೆ, ನಿಂತ 82 ಬ್ಲೌಸುಗಳಿಂದ 9,512. ಅದರಲ್ಲಿ ವಾಪಸಾತಿಯ ಸಾಗಣೆ ಮತ್ತು ಪ್ಯಾಕಿಂಗಿಗೆ 3,740, ಹಾಳಾದ ಐದಕ್ಕೆ 1,450, ಇಸ್ತ್ರಿಗೆ 136, ಬಾಗಿಲಿನಿಂದ ತಿರುಗಿದವುಗಳ ಪ್ಯಾಕಿಂಗಿಗೆ 100. ಉಳಿದದ್ದು 4,086. ಅಂದರೆ ನಿಂತ ಒಂದು ಬ್ಲೌಸಿಗೆ ಸುಮಾರು 50 ರೂಪಾಯಿ. ಜಾಹೀರಾತಿಗೆ ವೈನಿ ಒಂದು ಪೈಸೆ ಕೊಟ್ಟಿರಲಿಲ್ಲ, ಕೊಟ್ಟಿದ್ದರೆ ಅದೂ ಇದರಲ್ಲೇ ಹೋಗಬೇಕಿತ್ತು. ಅವರ ಸ್ವಂತ ದುಡಿಮೆಗೆ ಇದರಲ್ಲಿ ಕೂಲಿಯೇ ಇಲ್ಲ.

ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇಪ್ಪತ್ತೇಳು ಸಾವಿರ ಎಲ್ಲಿ, ನಾಕು ಸಾವಿರ ಎಲ್ಲಿ" ಎಂದರು.

ನಾನು ಅವರಿಗೆ ನೆನಪಿಡಲು ಹೇಳಿದ್ದು ಒಂದೇ ಹೋಲಿಕೆ. ಸಾಗಣೆ, ಹಾಳಾದದ್ದು, ಇಸ್ತ್ರಿ ಎಲ್ಲ ಹಂಚಿದರೆ ಒಂದು ವಾಪಸಾತಿಗೆ ಸರಾಸರಿ 242 ರೂಪಾಯಿ ಬೀಳುತ್ತದೆ. ನಿಂತ ಬ್ಲೌಸು ಕೊಡುವುದು 116. ಎಂದರೆ ವಾಪಸ್ ಬಂದ ಒಂದು ಬ್ಲೌಸು ನಿಂತ ಎರಡರ ಲಾಭವನ್ನು ತಿಂದುಹಾಕುತ್ತದೆ. ಮುಟ್ಟಿದ ಮೂರರಲ್ಲಿ ಒಂದು ಹಿಂದೆ ಬಂತೆಂದರೆ ಉಳಿಯುವುದು ಏನೂ ಇಲ್ಲ, ಕೈಯಿಂದಲೇ ಹತ್ತು ರೂಪಾಯಿ ಹೋಗುತ್ತದೆ.

ಲೆಕ್ಕ ಇಲ್ಲಿಗೇ ನಿಲ್ಲಿಸಿದ್ದರೆ ಬೆಲೆ ಏರಿಸುವುದೊಂದೇ ದಾರಿ ಎಂದು ಕಾಣುತ್ತಿತ್ತು. ಆದರೆ ಡ್ರಾಯಿಂಗ್ ಬುಕ್ಕಿನಲ್ಲಿ ಅಳತೆಯೂ ಬರೆದಿತ್ತಲ್ಲ, ಅದನ್ನು ಫೈಲಿನ ಪಕ್ಕ ಇಟ್ಟು ವಿಂಗಡಿಸಿದೆ. 34, 36, 38ರ ಅಳತೆಯಲ್ಲಿ ನಿಂತದ್ದು 58, ವಾಪಸ್ 9. 40 ಮತ್ತು 42ರಲ್ಲಿ ನಿಂತದ್ದು 24, ವಾಪಸ್ 13. ಹಾಳಾದ ಐದರಲ್ಲಿ ಮೂರು ದೊಡ್ಡ ಅಳತೆಯವೇ. ಎರಡನ್ನೂ ಬೇರೆ ಬೇರೆ ಲೆಕ್ಕ ಮಾಡಿದಾಗ ಸಣ್ಣ ಅಳತೆಗಳು ನಿಂತ ಬ್ಲೌಸಿಗೆ 77 ರೂಪಾಯಿ ಕೊಡುತ್ತಿದ್ದವು, ದೊಡ್ಡವು ಒಂದಕ್ಕೆ 17 ರೂಪಾಯಿ ಕೈಯಿಂದ ಹಾಕಿಸಿಕೊಳ್ಳುತ್ತಿದ್ದವು. 50 ಎಂಬ ಸರಾಸರಿಯ ಬ್ಲೌಸು ನಿಜವಾಗಿ ಎಲ್ಲೂ ಇರಲಿಲ್ಲ.

ಕಾರಣ ವೈನಿಗೆ ತಕ್ಷಣ ಹೊಳೆಯಿತು, ನನಗಲ್ಲ. ಅವರು ಕೊಟ್ಟಿದ್ದ ಅಳತೆಯ ಪಟ್ಟಿಯಲ್ಲಿ 40 ಎಂದರೆ ಮೈಯಳತೆಯೋ ಹೊಲಿದ ಬ್ಲೌಸಿನ ಅಳತೆಯೋ ಹೇಳಿರಲಿಲ್ಲ. ಖಣ ಎಳೆದರೆ ಹಿಗ್ಗುವ ಬಟ್ಟೆಯಲ್ಲ. ತೆಳ್ಳಗಿನವರಿಗೆ ಅರ್ಧ ಇಂಚು ಹೆಚ್ಚುಕಡಿಮೆಯಾದರೂ ನಡೆಯುತ್ತದೆ, ದೊಡ್ಡ ಅಳತೆಯಲ್ಲಿ ತೋಳು ಮತ್ತು ಕಂಕುಳ ಹಿಡಿಯುತ್ತದೆ. ಗಿರಾಕಿಗಳು ವಾಪಸ್ ಕಳಿಸುವಾಗ ಆರಿಸಿದ ಕಾರಣವೂ ಅದೇ ಇತ್ತು, ಹೆಚ್ಚಿನವರು ಬಿಗಿ ಎಂದಿದ್ದರು. ತೋಳಿನ ಸುತ್ತಳತೆ ಪಟ್ಟಿಯಲ್ಲೇ ಇರಲಿಲ್ಲ.

40 ಮತ್ತು 42ನ್ನು ಸದ್ಯಕ್ಕೆ ಮಾರಾಟದಿಂದ ತೆಗೆದರು. ಹೊಲಿಯುವವರಿಗೆ ಆ ಅಳತೆಗೆ ಹೊಸ ಕಟಿಂಗ್ ಕೊಟ್ಟರು, ಒಳಗಡೆ ಬಿಚ್ಚಿ ಹಿಗ್ಗಿಸಲು ಎರಡೂ ಬದಿ ಒಂದೊಂದು ಇಂಚು ಬಟ್ಟೆ ಬಿಡಿಸಿದರು. ಬ್ಲೌಸಿನ ಮೇಲೆ ಟೇಪು ಹಿಡಿದ ಫೋಟೋ ಹಾಕಿ, ತೋಳಿನ ಸುತ್ತಳತೆಯನ್ನು ಬೇರೆಯಾಗಿ ಬರೆದರು. ಗುಳೇದಗುಡ್ಡಕ್ಕೆ ನಲವತ್ತರ ಬದಲು ಹದಿನೈದು ಸಾವಿರ ಹೋಯಿತು, ಕೈಯಲ್ಲಿದ್ದ ಹಣದಲ್ಲೇ. ಬಳೆ ಅಡಕ್ಕೆ ಹೋಗಲಿಲ್ಲ. ಹೊಲಿಯುವ ಇಬ್ಬರಲ್ಲಿ ಒಬ್ಬರಿಗೆ ಆ ತಿಂಗಳು ಕೆಲಸ ಕಡಿಮೆಯಾಯಿತು ಎನ್ನುವುದನ್ನೂ ಹೇಳಬೇಕು. ಅದು ವೈನಿಗೆ ಬಹಳ ಕಸಿವಿಸಿ ಮಾಡಿತು.

ಎರಡು ಅಳತೆ ತೆಗೆದ ಮೇಲೆ ಹಸಿರು ಗೆರೆ ಕೆಳಗೆ ತಿರುಗಿ ಕೆಂಪಾಯಿತು. ಅಣ್ಣ ನನಗೆ ಫೋನು ಮಾಡಿ, "ಏನ್ ಲೆಕ್ಕ ಹೇಳಿದಿಯೋ ಮಾರಾಯಾ, ವ್ಯಾಪಾರ ಇಳದು ಹೋತಲ್ಲ" ಎಂದ. ಹಿಂದಿನಿಂದ ವೈನಿಯ ದನಿ ಕೇಳಿಸಿತು: "ಇಪ್ಪತ್ತೈದನೇ ತಾರೀಖು ಬರಲಿ ತಡೀರಿ. ಎಷ್ಟು ತಿರುಗಿ ಬರ್ತಾವ ನೋಡಿ ಆಮ್ಯಾಲ ಮಾತಾಡೂಣು."