ಒಂದೇ ಫೋಟೋ, ಒಂದು ಪೋಸ್ಟರ್

ದೀಪಾವಳಿಯ ಪಟಾಕಿ ಸದ್ದಿಗೆ ಹೆದರಿ ಎದುರು ಮನೆ ಅಜ್ಜಿಯ ನಾಯಿ ಕೆಂಚ ಓಡಿಹೋಯಿತು. ಒಂಟಿಯಾಗಿರುವ ಅಜ್ಜಿಗೆ ಅದೇ ಜೊತೆ. ಅವರಿಗೆ ಕಣ್ಣು ಮಂಜು, ಮಚ್ಚೆ ಎಲ್ಲಿದೆ ಎಂದು ಹೇಳಲಾರರು. ಇದ್ದದ್ದು ಮೊಮ್ಮಗ ತೆಗೆದ ಒಂದೇ ಫೋಟೋ. ನಮ್ಮ ಮನೆಮಾತು ಉರ್ದುವಾದರೂ ಬೀದಿಯಲ್ಲಿ ಕನ್ನಡ ಅಕ್ಷರ ದುಂಡಗೆ ಬರೆಯುವವಳು ನಾನೇ. ಪೋಸ್ಟರ್ ಕೆಲಸ ನನಗೆ ಬಂತು.

"ಕಂದು ಬಣ್ಣದ ನಾಟಿ ನಾಯಿ" ಎಂದರೆ ನಮ್ಮ ಊರಿನ ಅರ್ಧ ನಾಯಿಗಳು ಅದೇ. ಹಾಗಾಗಿ ಫೋಟೋವನ್ನು ನಿಧಾನವಾಗಿ ಓದಿದೆ. ಮುಂಗಾಲೊಂದರ ಪಾದ ಬಿಳಿ, ಕಾಲುಚೀಲ ಹಾಕಿದ ಹಾಗೆ. ಅದು ಎಡಗಾಲೋ ಬಲಗಾಲೋ? ಸೆಲ್ಫಿ ಕ್ಯಾಮೆರಾದ ಫೋಟೋ ಕೆಲವೊಮ್ಮೆ ಕನ್ನಡಿಯಂತೆ ತಿರುಗಿರುತ್ತದೆ. ಹಿಂದಿನ ಗೋಡೆಬರಹದ ಅಕ್ಷರಗಳು ನೇರವಾಗಿದ್ದವು, ಆದ್ದರಿಂದ ಇದು ತಿರುಗಿರಲಿಲ್ಲ. ನಾಯಿ ನಮ್ಮ ಕಡೆ ಮುಖ ಮಾಡಿತ್ತು. ನಮ್ಮ ಎಡಕ್ಕೆ ಕಾಣುವುದು ಅದರ ಬಲಗಾಲು. "ನಾಯಿಯ ಬಲ ಮುಂಗಾಲಿನ ಪಾದ ಬಿಳಿ" ಎಂದು ಬರೆದೆ.

ಆ ಪಾದ ಫೋಟೋದಲ್ಲಿ ಹಳದಿಯಾಗಿತ್ತು. ಆದರೆ ಪಕ್ಕದ ಸುಣ್ಣದ ಗೋಡೆಯೂ ಅಷ್ಟೇ ಹಳದಿ. ಬಣ್ಣ ಬಲ್ಬಿನದು, ಕೂದಲಿನದಲ್ಲ.

ಎತ್ತರಕ್ಕೆ ಮೆಟ್ಟಿಲು ನೆರವಾಯಿತು. ಕೆಂಚ ಮೆಟ್ಟಿಲಿಗೆ ಒತ್ತಿಕೊಂಡೇ ನಿಂತಿತ್ತು, ಅದರ ಭುಜ ಮೂರನೇ ಮೆಟ್ಟಿಲಿನ ಅಂಚಿಗೆ ಸಮ. ಸ್ಕೇಲ್ ಹಿಡಿದು ಅಳೆದೆ: ಒಂದು ಮೆಟ್ಟಿಲು 7 ಇಂಚು, ಒಟ್ಟು 21. ನಾಯಿ ಮುಂದಕ್ಕೆ ನಿಂತಿದ್ದರೆ ಈ ಲೆಕ್ಕ ಕೆಡುತ್ತಿತ್ತು, ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ. ದಾರಿಹೋಕರು ಟೇಪ್ ಹಿಡಿದಿರುವುದಿಲ್ಲವಲ್ಲ, ಅದಕ್ಕೆ "ದೊಡ್ಡವರ ಮೊಣಕಾಲಿಗಿಂತ ಸ್ವಲ್ಪ ಎತ್ತರ, ತೆಳು ಮೈ, ಗಿಡ್ಡ ಕೂದಲು" ಎಂದು ಬರೆದೆ.

ನಾಯಿಯ ಬಲ ಪಕ್ಕೆ ಫೋಟೋದಲ್ಲಿ ಕಾಣುತ್ತಿರಲಿಲ್ಲ. "ಅಲ್ಲೂ ಕಂದೇ ಇರಬೇಕು" ಎಂದೆ. ದಾದಿ ತಡೆದರು: "ಕಾಣದ್ದನ್ನು ಬರೆಯಬೇಡ ಬೇಟಿ. ಅಲ್ಲೊಂದು ಮಚ್ಚೆ ಇದ್ದರೆ, ನೋಡಿದವರು ಇದು ಆ ನಾಯಿ ಅಲ್ಲ ಅಂತ ಬಿಟ್ಟುಹೋಗ್ತಾರೆ." ಆ ಸಾಲು ಬಿಟ್ಟೆ. ಸುರುಳಿ ಬಾಲವನ್ನೂ ಬರೆಯಲಿಲ್ಲ, ಹೆದರಿದ ನಾಯಿ ಬಾಲವನ್ನು ಕಾಲ ಸಂದಿಗೆ ಮಡಚುತ್ತದೆ. ಬಾಲದ ತುದಿ ಕಪ್ಪು ಎಂಬುದನ್ನು ಬೇಕೆಂದೇ ಗುಟ್ಟಾಗಿಟ್ಟು, ಫೋಟೋದಲ್ಲೂ ಆ ಭಾಗ ಕತ್ತರಿಸಿದೆ. ಫೋನ್ ಮಾಡಿದವರನ್ನು ಕೇಳಲು ಒಂದು ಪ್ರಶ್ನೆ ಬೇಕಿತ್ತು.

ಹಾಲಿನ ಬೂತ್, ಬಸ್ ನಿಲ್ದಾಣ, ಮಟನ್ ಅಂಗಡಿ ಸೇರಿ ಒಂಬತ್ತು ಕಡೆ ಅಂಟಿಸಿದೆವು. ಅಬ್ಬುವಿನ ನಂಬರಿಗೆ ಎರಡು ಕರೆ ಬಂದವು. ಒಂದು ನಾಯಿಗೆ ನಾಲ್ಕೂ ಪಾದ ಬಿಳಿ, ಇನ್ನೊಂದಕ್ಕೆ ಎಡಪಾದ. ನಾಲ್ಕನೇ ದಿನ ಮಟನ್ ಅಂಗಡಿಯ ಹುಡುಗ ಕರೆ ಮಾಡಿದ. ಧೂಳಿಗೆ ಮೈ ಬೂದಿಯಾಗಿದೆ, ಆದರೆ ಎತ್ತರವೂ ಬಲಪಾದವೂ ಸರಿಯಿದೆ ಎಂದ. ಬಾಲದ ತುದಿ ಹೇಗಿದೆ ಎಂದು ಕೇಳಿದೆ. ಬಾಲ ಮಡಚಿಕೊಂಡಿದೆ, ಕಾಣುತ್ತಿಲ್ಲ ಎಂದ. ಒಂದು ಮೂಳೆ ಹಾಕಿ ಕಾದ. "ಅಕ್ಕಾ, ಕಪ್ಪು!"

ಅಂದು ಸಂಜೆಯೇ ಒಂಬತ್ತೂ ಪೋಸ್ಟರ್ ಕಿತ್ತುಬಂದೆವು. ಇಲ್ಲದಿದ್ದರೆ ಯಾರದೋ ಕಂದು ನಾಯಿಯನ್ನು ಹಿಡಿದು ತರುವವರು ಬರುತ್ತಲೇ ಇರುತ್ತಿದ್ದರು.