ಸೋಡಾ ಇಲ್ಲದೆ ಉಬ್ಬಿದ ಕೇಕು

ತಮ್ಮನ ಹುಟ್ಟುಹಬ್ಬಕ್ಕೆಂದು ಹತ್ತನೇ ತರಗತಿಯ ಹುಡುಗಿ ಮಾಡಿದ ಸ್ಪಂಜ್ ಕೇಕು ಓವನ್‌ನಿಂದ ಹೊರಬಂದಾಗ ಎರಡು ಬೆರಳಿನಷ್ಟೂ ದಪ್ಪ ಇರಲಿಲ್ಲ. ಕತ್ತರಿಸಿದರೆ ತಳದಲ್ಲಿ ರಬ್ಬರಿನಂಥ ಹಳದಿ ಪದರ. ನಾಲ್ಕು ಮೊಟ್ಟೆ ದಂಡ.

'ಸೋಡಾ ಹಾಕದೆ ಅದು ಹೇಗೇ ಉಬ್ಬುತ್ತೆ?' ಎಂದರು ಅಮ್ಮ.

'ಇದಕ್ಕೆ ಸೋಡಾ ಇಲ್ಲಮ್ಮಾ. ಗಾಳೀನೇ ಉಬ್ಬಿಸುತ್ತಂತೆ.'

ಮಗಳ ಮಾತು ಸರಿಯೇ. ಈ ಕೇಕಿಗೆ ಮೊಟ್ಟೆಯ ಬಿಳಿ, ಹಳದಿ ಬೇರ್ಪಡಿಸದೆ ಸಕ್ಕರೆಯೊಡನೆ ಕಡೆದು ನೊರೆ ಮಾಡುತ್ತಾರೆ. ಗುಳ್ಳೆಗಳಲ್ಲಿ ಸಿಕ್ಕ ಗಾಳಿ ಓವನ್ನಿನ ಶಾಖಕ್ಕೆ ಹಿಗ್ಗುತ್ತದೆ. ನೀರಿನ ಆವಿಯೂ ಆ ಗುಳ್ಳೆಗಳನ್ನೇ ಹಿಗ್ಗಿಸುತ್ತದೆ. ನೊರೆಯೇ ಸಾಲದಿದ್ದರೆ ಉಬ್ಬಲು ಏನಿದೆ? ಹುಡುಗಿ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಮೊಟ್ಟೆಗಳನ್ನು ಐದೇ ನಿಮಿಷ ಕಡೆದು, ನೊರೆ ಕಂಡದ್ದೇ ಮೈದಾ ಸುರಿದಿದ್ದಳು.

ಮುಂದಿನ ಭಾನುವಾರ ನಾಲ್ಕು ಮೊಟ್ಟೆ, 120 ಗ್ರಾಂ ಸಕ್ಕರೆ ಬೆರೆಸಿದ ಬಟ್ಟಲನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟಳು. ಬಟ್ಟಲಿನ ತಳ ನೀರಿಗೆ ತಾಗಬಾರದು, ಕೈಯಾಡಿಸುವುದನ್ನು ನಿಲ್ಲಿಸಬಾರದು. ಸುಮಾರು 40 ಡಿಗ್ರಿ ಸೆಲ್ಸಿಯಸ್, ಅಂದರೆ ಬೆರಳಿಗೆ ಉಗುರುಬೆಚ್ಚಗೆ ತಾಗಿ, ಸಕ್ಕರೆಯ ಹರಳು ಸಿಗದಂತಾದಾಗ ಕೆಳಗಿಳಿಸಿದಳು. 60 ಡಿಗ್ರಿ ದಾಟಿದರೆ ಮೊಟ್ಟೆ ಬೇಯತೊಡಗಿ ಗಂಟುಗಂಟಾಗುತ್ತದೆ.

ಬೆಚ್ಚಗಾದರೆ ಲಾಭವೇನು? ತಣ್ಣನೆಯ ಮೊಟ್ಟೆ ಮಂದವಾಗಿರುತ್ತದೆ. ಹಳದಿಯಲ್ಲಿ ಕೊಬ್ಬು ಇರುವುದರಿಂದ ಬರೀ ಬಿಳಿಯಷ್ಟು ಸುಲಭವಾಗಿ ಅದು ನೊರೆಯೇಳುವುದಿಲ್ಲ. ಬಿಸಿ ತಾಗಿದಾಗ ಮಿಶ್ರಣ ತೆಳುವಾಗಿ, ಗಾಳಿ ಬೇಗ ಸೇರುತ್ತದೆ. ದಾರದ ಉಂಡೆಯಂತೆ ಸುತ್ತಿಕೊಂಡ ಪ್ರೋಟೀನ್ ಅಣುಗಳು ಗುಳ್ಳೆಯ ಮೈ ಸೇರಿ, ಬಿಚ್ಚಿಕೊಂಡು, ಒಂದಕ್ಕೊಂದು ಹೆಣೆದು ಪೊರೆ ಕಟ್ಟುತ್ತವೆ. ಬಿಸಿಯಲ್ಲಿ ಈ ಕೆಲಸ ಚುರುಕು. ಒಲೆಯಿಂದಿಳಿಸಿ ಕಡೆಯುತ್ತಾ ಹೋದಂತೆ ಮಿಶ್ರಣ ಆರುತ್ತದೆ. ಕರಗಿದ ಸಕ್ಕರೆ ಪಾಕ ಮತ್ತೆ ಮಂದವಾಗಿ, ಗುಳ್ಳೆಗಳ ನಡುವಿನಿಂದ ನೀರು ಬಸಿಯುವುದನ್ನು ತಡೆಯುತ್ತದೆ. ಹಿಗ್ಗಿಸಲು ಬಿಸಿ, ನಿಲ್ಲಿಸಲು ತಂಪು. ವಿದ್ಯುತ್ ಬೀಟರ್ ಇದ್ದರೆ ತಣ್ಣನೆಯ ಮೊಟ್ಟೆಯೂ ನಿಧಾನವಾಗಿ ಏಳುತ್ತದೆ. ಕೈಯಲ್ಲಿ ಕಡೆಯುವವರಿಗೆ ಬಿಸಿ ದೊಡ್ಡ ಉಪಕಾರ.

ಸಾಕಾಯಿತೆಂದು ತಿಳಿಯುವ ಗುರುತಿಗೆ ರಿಬ್ಬನ್ ಹಂತ ಎಂದು ಹೆಸರು. ಹುಡುಗಿ ಮೊದಲ ಸಲ ಬೀಟರ್ ಎತ್ತಿದಾಗ ಧಾರೆ ಬಿದ್ದ ತಕ್ಷಣವೇ ಮುಳುಗಿಹೋಯಿತು. ಇನ್ನಷ್ಟು ಕಡೆದಳು. ಬಣ್ಣ ತಿಳಿಯಾಗಿ, ಗಾತ್ರ ಮೂರು ಪಟ್ಟಾದ ಮೇಲೆ ಎತ್ತಿದಾಗ ಮಿಶ್ರಣ ಜಡೆಯ ರಿಬ್ಬನ್ನಿನಂತೆ ಮಡಿಕೆ ಮಡಿಕೆಯಾಗಿ ಬಿದ್ದು, ಐದು ಎಣಿಸುವವರೆಗೂ ಮೇಲೆಯೇ ನಿಂತಿತು.

ಆಮೇಲೆ ಜರಡಿ ಹಿಡಿದ 120 ಗ್ರಾಂ ಮೈದಾವನ್ನು ಮೂರು ಕಂತಿನಲ್ಲಿ ಉದುರಿಸಿ, ಅಡಿಯಿಂದ ಮೇಲಕ್ಕೆ ಮೆಲ್ಲಗೆ ಮಗುಚಿದಳು. ಇಲ್ಲಿ ಜೋರಾಗಿ ಕಲಸಿದರೆ ಗಳಿಸಿದ ಗಾಳಿಯೆಲ್ಲ ಹೋಗುತ್ತದೆ. ಮೈದಾ ಸರಿಯಾಗಿ ಬೆರೆಯದಿದ್ದರೆ ಗಂಟು ಉಳಿಯುತ್ತದೆ.

180 ಡಿಗ್ರಿ ಓವನ್ನಿನಲ್ಲಿ ಇಪ್ಪತ್ತೈದು ನಿಮಿಷ. ಅಮ್ಮ ಬೆರಳಿನಿಂದ ಒತ್ತಿ ನೋಡಿದರು. ತಗ್ಗಿದ ಜಾಗ ಮತ್ತೆ ಮೇಲೆದ್ದಿತು.

'ನಿಜ ಹೇಳು, ಸೋಡಾ ಹಾಕಿಲ್ಲ ತಾನೆ?' ಎಂದರು.

ತಮ್ಮ ಆಗಲೇ ಎರಡನೇ ತುಂಡಿಗೆ ಕೈ ಚಾಚಿದ್ದ.