ಇಪ್ಪತ್ತಾರು ಪುಟದ ಕೊನೇ ಅಧ್ಯಾಯ

‘ಥೀಸಿಸ್ ಯಾವಾಗ ಮುಗಿಸ್ತೀಯ’ ಅಂತ ವರ್ಷಗಟ್ಟಲೆ ಕೇಳಿದವರಿಗೆಲ್ಲ ಒಂದೇ ಉತ್ತರ: ಮೊನ್ನೆ ಸಲ್ಲಿಸಿದೆ. ತಡವಾಗಿದ್ದು ಕೊನೇ ಅಧ್ಯಾಯದಿಂದ. ಈಗ ಬರೀತಿರೋ ನಮ್ಮ ಹುಡುಗ ಹುಡುಗಿಯರಿಗೆ ಬೇಕಾಗಬಹುದು ಅಂತ ಅದರ ಕಥೆ ಹೇಳ್ತೀನಿ.

ನನ್ನ ವಿಷಯ ಬಹಳ ಜನಕ್ಕೆ ಗೊತ್ತು. ಬೆಂಗಳೂರಲ್ಲಿ 2018ರಿಂದ ಬೀದಿ ಗುಡಿಸೋ ಪೌರಕಾರ್ಮಿಕರಿಗೆ ಗುತ್ತಿಗೆದಾರರ ಬದಲು ಪಾಲಿಕೆಯಿಂದಲೇ ನೇರ ಸಂಬಳ ಶುರುವಾಯ್ತು. ಆಮೇಲೆ ಅವರ ಕೆಲಸದಲ್ಲಿ ಏನು ಬದಲಾಯ್ತು? ರಾಜಾಜಿನಗರ, ವಿಜಯನಗರ ಕಡೆಯ ನಲವತ್ತು ಹೆಂಗಸರ ಜೊತೆ ಮಾತಾಡಿ ಬರೆದಿದ್ದೆ. ಕೊನೇ ಅಧ್ಯಾಯ 26 ಪುಟ. ತೆಗೆದುಕೊಂಡು ಹೋದಾಗ ಗೈಡ್ ಎರಡು ಹಾಳೆ ತಿರುಗಿಸಿ, ‘ಇದನ್ನ ಐದನೇ ಅಧ್ಯಾಯದಲ್ಲೇ ಓದಿದೀನಲ್ಲಮ್ಮ’ ಅಂದ್ರು. ಸಿಟ್ಟು ಬಂತು. ನಿಜ ಅಂದ್ರೆ ಹಳೇ ಥೀಸಿಸ್‌ಗಳನ್ನ ನೋಡಿಯೇ ನಾನು ಕಲಿತಿದ್ದು. ಕೊನೆಯಲ್ಲಿ ‘ಸಾರಾಂಶ, ಫಲಿತಗಳು, ಸಲಹೆಗಳು’ ಅಂತ ತಲೆಬರಹ ಹಾಕಿದ್ರೆ ಕೈ ತಾನಾಗೇ ಕೋಷ್ಟಕಗಳನ್ನ ಮತ್ತೆ ವಾಕ್ಯ ಮಾಡ್ತಾ ಹೋಗುತ್ತೆ.

ಹಂಪಿನಗರದ ಲೈಬ್ರರಿಯಲ್ಲಿ, ಕೆಎಎಸ್‌ಗೆ ಓದೋ ಹುಡುಗರ ಮಧ್ಯೆ ಜಾಗ ಹಿಡಿದು, ಕೆಂಪು ಪೆನ್ನಲ್ಲಿ ಒಂದೇ ಕೆಲಸ ಮಾಡಿದೆ. ಹಿಂದಿನ ಅಧ್ಯಾಯದಲ್ಲಿ ಆಗಲೇ ಇರೋ ಪ್ರತಿ ವಾಕ್ಯಕ್ಕೂ ಗೆರೆ. ಸಂಜೆ ಹೊತ್ತಿಗೆ ಗೆರೆ ಬೀಳದೆ ಉಳಿದಿದ್ದು ಮೂರು ಪುಟವೂ ಇಲ್ಲ.

ಗೆರೆ ಬಿದ್ದಿದ್ದನ್ನೆಲ್ಲ ಎಸೀಲಿಲ್ಲ. ಒಂದೊಂದರ ಮುಂದೆಯೂ ‘ಆದ್ದರಿಂದ ಏನು?’ ಅಂತ ಬರೆದೆ. ‘ಎಲ್ಲರಿಗೂ ಸಂಬಳ ಬ್ಯಾಂಕ್ ಖಾತೆಗೆ ಬರುತ್ತಿದೆ’ ಅಂತ ಒಂದು ವಾಕ್ಯ, ನಾಲ್ಕು ಪುಟ ಆದ್ಮೇಲೆ ‘ಹಾಜರಿಯ ಬಗ್ಗೆ ಹೆಚ್ಚಿನವರಿಗೆ ಭಯವಿದೆ’ ಅಂತ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಹೊಳೀತು: ಹಿಂದೆ ದುಡ್ಡು ಹಿಡಿದವನಿಗಿದ್ದ ಹಿಡಿತ ಈಗ ಹಾಜರಿ ಹಾಕೋ ಮೇಸ್ತ್ರಿಗೆ ಹೋಗಿದೆ. ಇದು ಯಾವ ಕೋಷ್ಟಕದಲ್ಲೂ ಇಲ್ಲ. ಐದು ವರ್ಷ ತಿರುಗಿ ನಾನು ಕೊಟ್ಟಿದ್ದು ಈ ಮಾತು, ಅದು 19ನೇ ಪುಟದಲ್ಲಿ ಅರ್ಧ ವಾಕ್ಯವಾಗಿ ಹೂತುಹೋಗಿತ್ತು. ಈಗ ಅಧ್ಯಾಯ ಶುರುವಾಗೋದೇ ಅಲ್ಲಿಂದ. ಅಂಕಿ ಬೇಕಾದವರಿಗೆ ಕೋಷ್ಟಕದ ನಂಬರ್ ಕೊಟ್ಟಿದೀನಿ, ಅಷ್ಟೆ.

ಆಮೇಲೆ ಮಿತಿಗಳು. ನಾನು ಬರೆದಿದ್ದು ಎಲ್ಲರೂ ಬರೆಯೋದೇ: ಸಮಯ ಸಾಲದು, ಹಣ ಸಾಲದು. ಅದರಿಂದ ಓದುವವರಿಗೆ ಏನೂ ತಿಳಿಯಲ್ಲ. ಯಾವ ಕೊರತೆಯಿಂದ ನನ್ನ ಯಾವ ಮಾತು ಸಡಿಲ ಅಂತ ಹೇಳಬೇಕು. ನನಗೆ ಸಿಕ್ಕ ಹೆಂಗಸರೆಲ್ಲ ಸಂಘದ ಮೂಲಕ ಸಿಕ್ಕವರು. ಸಂಬಳದ ಬಗ್ಗೆ ನಾನು ಹೇಳಿದ್ದಕ್ಕೆ ಅದರಿಂದ ಅಷ್ಟು ತೊಂದರೆ ಇಲ್ಲ, ಪಾಸ್‌ಬುಕ್ ನೋಡಿದೀನಿ. ಆದ್ರೆ ‘ಪ್ರಶ್ನೆ ಮಾಡುವ ಧೈರ್ಯ ಬಂದಿದೆ’ ಅಂತ ಬರೆದಿದ್ದೆನಲ್ಲ, ಅದು ಸಂಘದವರ ಧೈರ್ಯ. ಹೊರಗಿರೋರಿಗೆ ಅನ್ವಯಿಸುತ್ತೆ ಅಂತ ಹೇಳೋ ಹಕ್ಕು ನನಗಿಲ್ಲ.

ಇಲ್ಲಿ ಗೈಡ್ ಒಂದು ಸೇರಿಸು ಅಂದ್ರು: ‘ಸಂಶೋಧಕಿ ಅದೇ ಸಮುದಾಯದವರಾದ್ದರಿಂದ ಪೂರ್ವಗ್ರಹ ಇರಬಹುದು.’ ಎರಡು ದಿನ ನಿದ್ದೆ ಬರ್ಲಿಲ್ಲ. ಮೇಲ್ಜಾತಿಯವರು ನಮ್ಮ ಕೇರಿಗೆ ಬಂದು ಬರೆದಾಗ ಅವರ ಜಾತಿಯನ್ನ ಮಿತಿ ಅಂತ ಬರೆಸಿದ್ದು ನಾನಂತೂ ನೋಡಿಲ್ಲ. ಬರೆಯಲ್ಲ ಅಂತ ಹೇಳೋಕೆ ಹೊರಟಿದ್ದೆ. ಮೊದಲು ರೆಕಾರ್ಡಿಂಗ್ ಮತ್ತೆ ಕೇಳೋಣ ಅಂತ ಕೂತೆ. ಅಲ್ಲಿ ಅಕ್ಕಂದಿರು ಮಾತು ಅರ್ಧಕ್ಕೆ ನಿಲ್ಲಿಸಿ ‘ನಿಂಗೇ ಗೊತ್ತಲ್ಲ ಮಗ’ ಅಂತಾರೆ. ನಾನು ‘ಹ್ಞೂಂ’ ಅಂತೀನಿ. ಉಳಿದರ್ಧ ಕೇಳೇ ಇಲ್ಲ, ನಮ್ಮವ್ವನ ಬದುಕಿನಿಂದ ತುಂಬಿಕೊಂಡಿದೀನಿ. ಅವ್ವನೂ ಪೊರಕೆ ಹಿಡಿದವಳೇ. ಹಾಗಾಗಿ ‘ಪೂರ್ವಗ್ರಹ’ ಅನ್ನೋ ಪದ ತೆಗೆದು ನಡೆದದ್ದನ್ನ ನಡೆದ ಹಾಗೇ ಬರೆದೆ: ನಾನು ಅವರವಳು ಅಂತ ಮೇಸ್ತ್ರಿ ಬಗ್ಗೆ ಬಾಯಿಬಿಟ್ಟರು, ಅದೇ ಕಾರಣಕ್ಕೆ ಕೆಲವನ್ನ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ಅಧ್ಯಯನ ಅನ್ನೋ ಭಾಗ ಈ ಮಿತಿಗಳಿಂದಲೇ ಹುಟ್ಟಿತು. ‘ಇನ್ನೂ ಹೆಚ್ಚಿನ ಸಂಶೋಧನೆ ಅಗತ್ಯ’ ಅಂತಿದ್ದ ಸಾಲು ಹೋಯ್ತು. ಸಂಘದ ಹೊರಗಿನ ಹೆಂಗಸರನ್ನ ಮಸ್ಟರಿಂಗ್ ಸೆಂಟರ್‌ನಿಂದ ದೂರ, ಅವರವರ ಮನೆಯಲ್ಲಿ ಮಾತಾಡಿಸಬೇಕು ಅಂತ ಒಂದು. ನೇರ ಸಂಬಳ ಬಂದಾಗ ಗುತ್ತಿಗೆಯಲ್ಲೇ ಉಳಿದ ಆಟೋ ಟಿಪ್ಪರ್ ಡ್ರೈವರ್, ಹೆಲ್ಪರ್‌ಗಳ ಹಾಜರಿ ಯಾರ ಕೈಲಿತ್ತು ಅಂತ ಹೋಲಿಸಿ ನೋಡಬೇಕು ಅಂತ ಇನ್ನೊಂದು. ಇವೆರಡೇ.

ಒಟ್ಟು ಒಂಬತ್ತು ಪುಟ ಆಯ್ತು. ಗೈಡ್ ‘ನಿಂಗೇ ಗೊತ್ತಲ್ಲ ಮಗ’ ಇರೋ ಪ್ಯಾರಾವನ್ನ ಎರಡು ಸಲ ಓದಿದ್ರು, ಒಂದು ಕಾಗುಣಿತ ತಪ್ಪು ತಿದ್ದಿದ್ರು, ಸಹಿ ಹಾಕಿದ್ರು. ವೈವಾ ದಿನಾಂಕ ಇನ್ನೂ ಬಂದಿಲ್ಲ.